ಒಂದು ಅಂಕಿಯ ನೆರಳು ಪಕ್ಕದ ಅಂಕಿಯ ಮೇಲೆ: ದ್ರಾಕ್ಷಿ ಶೆಡ್ಡಿಗೆ ನಾಲ್ಕು ಅಂಕಿಯ ಡಿಸ್‌ಪ್ಲೇ ಮಾಡಿದ ದಿನಚರಿ

ನಮ್ಮ ಕಾಕಾ ಅವರದು ತಿಕೋಟಾ ಕಡೆ ದ್ರಾಕ್ಷಿ ತೋಟ. ಕಟಾವು ಶುರುವಾದರೆ ಶೆಡ್ಡಿನ ಬಲೆಗಳ ಮೇಲೆ ಹಣ್ಣು ಹರಡಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತಾರೆ. ಒಳಗೆ ಬಿಸಿ ಜಾಸ್ತಿಯಾದರೆ ಬಣ್ಣ ಕಂದಾಗುತ್ತದೆ, ರೇಟು ಬೀಳುತ್ತದೆ. ಬಾಗಿಲಲ್ಲಿ ನಿಂತರೇ ಒಳಗಿನ ಉಷ್ಣತೆ ಕಾಣಬೇಕು ಎಂದು ಕೇಳಿದ್ದರು. ವಿಜಯಪುರದ ಮನೆಯಲ್ಲಿ ಕೂತು ಎರಡು ವಾರದಲ್ಲಿ ಮಾಡಿದ್ದೇನೆ. ಸೆನ್ಸರ್ ಓದುವುದು ಅರ್ಧ ಗಂಟೆಯ ಕೆಲಸ. ನಾಲ್ಕು ಅಂಕಿಗಳನ್ನು ಸ್ವಚ್ಛವಾಗಿ ಬೆಳಗಿಸುವುದಕ್ಕೇ ಉಳಿದ ಸಮಯವೆಲ್ಲ ಹೋಯಿತು. ಆದದ್ದನ್ನು ಆದ ಕ್ರಮದಲ್ಲೇ ಬರೆದಿದ್ದೇನೆ.

ಫೆಬ್ರವರಿ 9: ಸಾಮಾನು, ಮೊದಲ ತಪ್ಪು

ತಂದದ್ದು ಇಷ್ಟು. ಆರ್ಡುಯಿನೋ ನ್ಯಾನೋ ಮಾದರಿಯ ಬೋರ್ಡ್ 260 ರೂಪಾಯಿ. 0.56 ಇಂಚಿನ ನಾಲ್ಕು ಅಂಕಿಯ ಕೆಂಪು ಡಿಸ್‌ಪ್ಲೇ, ಕಾಮನ್ ಆನೋಡ್, 70 ರೂಪಾಯಿ. ನೀರು ತಾಗದಂತೆ ಸ್ಟೀಲ್ ತುದಿ ಇರುವ ಡಿಎಸ್18ಬಿ20 ಸೆನ್ಸರ್ 130 ರೂಪಾಯಿ. ರೆಸಿಸ್ಟರ್, ಡಾಟ್ ಬೋರ್ಡ್, ವೈರ್ ಸೇರಿ 80.

ಈ ಡಿಸ್‌ಪ್ಲೇಗೆ ಹನ್ನೆರಡೇ ಪಿನ್. ಎಂಟು ಪಿನ್ನು ಅಂಕಿ ಮೂಡಿಸುವ ಗೆರೆಗಳಿಗೆ, ಅಂದರೆ ಸೆಗ್ಮೆಂಟುಗಳಿಗೆ, ಚುಕ್ಕೆಯೂ ಅದರಲ್ಲೇ ಬಂತು. ಉಳಿದ ನಾಲ್ಕು, ಒಂದೊಂದು ಅಂಕಿಯ ಆನೋಡಿಗೆ. ನಾಲ್ಕೂ ಅಂಕಿಗಳ ಸೆಗ್ಮೆಂಟುಗಳು ಒಳಗೇ ಕೂಡಿಕೊಂಡಿವೆ. ಹಾಗಾಗಿ ಒಂದು ಹೊತ್ತಿಗೆ ಒಂದೇ ಅಂಕಿ ಹಚ್ಚಿ, ಬೇಗ ಬೇಗ ಮುಂದಕ್ಕೆ ಹೋಗಬೇಕು. ಕಣ್ಣಿಗೆ ನಾಲ್ಕೂ ಒಟ್ಟಿಗೆ ಉರಿದಂತೆ ಕಾಣುತ್ತವೆ.

ಸೆಗ್ಮೆಂಟ್ ಒಂದಕ್ಕೆ 330 ಓಮ್ ಹಾಕಿ, ನಾಲ್ಕು ಆನೋಡುಗಳನ್ನು ನೇರವಾಗಿ ಬೋರ್ಡಿನ ಪಿನ್ನುಗಳಿಗೆ ಕೊಟ್ಟೆ. ಉರಿಯಿತು. ಆದರೆ 1 ಝಗ್ಗೆಂದು ಹೊಳೆಯುತ್ತಿತ್ತು, 8 ಮಂಕಾಗಿತ್ತು. ಸೆಗ್ಮೆಂಟ್ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ.

ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಕೆಂಪು ಎಲ್‌ಇಡಿ ಸುಮಾರು 1.9 ವೋಲ್ಟ್ ತಿನ್ನುತ್ತದೆ. ಉಳಿದ 3.1 ವೋಲ್ಟಿಗೆ 330 ಓಮ್ ಅಂದರೆ ಒಂದು ಸೆಗ್ಮೆಂಟಿಗೆ 9 ಮಿಲಿಆಂಪ್. 8 ಬರೆಯಲು ಏಳು ಸೆಗ್ಮೆಂಟ್, ಒಟ್ಟು 63 ಮಿಲಿಆಂಪ್. ಅಷ್ಟೂ ಒಂದೇ ಆನೋಡ್ ಪಿನ್ನಿನಿಂದ ಬರಬೇಕು. ಎಟಿಮೆಗಾ328ಪಿ ಚಿಪ್ಪಿನ ಒಂದು ಪಿನ್ನಿಗೆ 40 ಮಿಲಿಆಂಪ್ ಮೀರಲೇಬಾರದ ಗಡಿ. ಪಿನ್ನಿನ ವೋಲ್ಟೇಜ್ ಕುಸಿದು 8 ಮಂಕಾಗುತ್ತಿತ್ತು. ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಪಿನ್ ಸುಡುತ್ತಿತ್ತೋ ಏನೋ. ಅಂಕಿ ಬದಲಾದಂತೆ ಬೆಳಕು ಬದಲಾಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ಫೆಬ್ರವರಿ 11: ಟ್ರಾನ್ಸಿಸ್ಟರ್ ಬಂತು, ಹೊಸ ತೊಂದರೆಯೂ ಬಂತು

ಆನೋಡ್ ಒಂದಕ್ಕೆ ಒಂದು ಬಿಸಿ557 ಹಾಕಿದೆ. ಮೂರು ರೂಪಾಯಿಗೆ ಒಂದು. ಎಮಿಟರ್ 5 ವೋಲ್ಟಿಗೆ, ಕಲೆಕ್ಟರ್ ಆನೋಡಿಗೆ, ಬೇಸಿಗೆ 1 ಕಿಲೋಓಮ್ ಮೂಲಕ ಬೋರ್ಡಿನ ಪಿನ್. ಇದು ಪಿಎನ್‌ಪಿ. ಹಾಗಾಗಿ ಪಿನ್ ಕೆಳಗಿಳಿದರೆ ಅಂಕಿ ಉರಿಯುತ್ತದೆ, ಮೇಲೇರಿದರೆ ಆರುತ್ತದೆ. ಕಾಮನ್ ಆನೋಡ್ ಆದ್ದರಿಂದ ಸೆಗ್ಮೆಂಟೂ ಹಾಗೆಯೇ, ಕೆಳಗೆ ಎಂದರೆ ಉರಿ. ಎಲ್ಲವೂ ತಿರುವುಮುರುವು ಎಂದು ಕಾಗದದ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಂಡೆ.

ಸೆಗ್ಮೆಂಟ್ ರೆಸಿಸ್ಟರನ್ನು 220 ಓಮಿಗೆ ಇಳಿಸಿದೆ. ಟ್ರಾನ್ಸಿಸ್ಟರಿನಲ್ಲೂ ಪಿನ್ನಿನಲ್ಲೂ ಹೋಗುವ ಸ್ವಲ್ಪ ವೋಲ್ಟೇಜ್ ಕಳೆದರೆ ಸೆಗ್ಮೆಂಟಿಗೆ ಸುಮಾರು 12 ಮಿಲಿಆಂಪ್. ಕಾಲು ಭಾಗ ಹೊತ್ತು ಮಾತ್ರ ಉರಿಯುವುದರಿಂದ ಸರಾಸರಿ 3. ಇನ್ನೂ ಇಳಿಸಿದರೆ ಹೊಳಪು ಬರುತ್ತದೆ, ನಿಜ. ಎರಡು ಕಾರಣಕ್ಕೆ ಅಲ್ಲೇ ನಿಲ್ಲಿಸಿದೆ. ಬಿಸಿ557 ತಡೆಯುವುದು 100 ಮಿಲಿಆಂಪ್, ಚುಕ್ಕೆ ಸೇರಿ ಎಂಟೂ ಉರಿದರೆ ಈಗಲೇ 96. ಎರಡನೆಯದು, ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಂದೇ ಅಂಕಿ ನಿರಂತರವಾಗಿ ಉರಿಯುತ್ತದೆ. ಆಗ ಸರಾಸರಿ ಲೆಕ್ಕ ನಡೆಯುವುದಿಲ್ಲ, ಪೂರ್ತಿ ಕರೆಂಟನ್ನು ಎಲ್‌ಇಡಿ ತಡೆಯಬೇಕು. 12 ಮಿಲಿಆಂಪ್ ತಡೆಯುತ್ತದೆ.

ಆ ಸಿಕ್ಕಿಹಾಕಿಕೊಳ್ಳುವುದು ಅದೇ ಸಂಜೆ ಆಯಿತು. ಅಂಕಿ ಬದಲಿಸುವ ಕೆಲಸವನ್ನು `loop()` ಒಳಗೆ ಬರೆದಿದ್ದೆ. ಒಂದು ಅಂಕಿ ಹಚ್ಚು, 2 ಮಿಲಿಸೆಕೆಂಡ್ ನಿಲ್ಲು, ಮುಂದಿನದು ಹಚ್ಚು. ಸೆನ್ಸರ್ ಇಲ್ಲದಾಗ ಚೆನ್ನಾಗಿತ್ತು. ಸೆನ್ಸರ್ ಸೇರಿಸಿದ ತಕ್ಷಣ ಒಂದೇ ಅಂಕಿ ಮುಕ್ಕಾಲು ಸೆಕೆಂಡ್ ಜೋರಾಗಿ ಉರಿದು, ಉಳಿದ ಮೂರು ಆರಿಹೋಗುತ್ತಿದ್ದವು. ಕಾಕಾ ಮನೆಗೆ ಬಂದಿದ್ದರು. ನೋಡಿದವರೇ ಕೇಳಿದರು: "ಒಂದ ಅಂಕಿ ಉರಿಯಾಕ ಹತ್ತೈತಲ್ಲಪಾ, ಉಳದಾವ ಎಲ್ಲಿ ಹ್ವಾದವು?"

ಡಿಎಸ್18ಬಿ20 ತನ್ನ ಪೂರ್ಣ 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಲೈಬ್ರರಿಯ `requestTemperatures()` ಅಷ್ಟು ಹೊತ್ತೂ ಕಾಯುತ್ತ ನಿಲ್ಲುತ್ತದೆ. `loop()` ನಿಂತರೆ ಡಿಸ್‌ಪ್ಲೇಯೂ ನಿಲ್ಲುತ್ತದೆ. ಅಂಕಿ ಬದಲಿಸುವ ಕೆಲಸ ಯಾರನ್ನೂ ಕಾಯಬಾರದು. ಅದಕ್ಕೆ, ನಡೆಯುತ್ತಿರುವ ಕೆಲಸವನ್ನು ನಿಗದಿತ ಹೊತ್ತಿಗೆ ತಡೆದು ನಡುವೆ ಬರುವ ಟೈಮರ್ ಇಂಟರಪ್ಟೇ ಬೇಕು.

ಫೆಬ್ರವರಿ 14: ಟೈಮರ್ ಓಡಲಿಲ್ಲ

ಆರ್ಡುಯಿನೋದಲ್ಲಿ ಟೈಮರ್ 0 `millis()` ಕೆಲಸಕ್ಕೆ ಮೀಸಲು. ಅದನ್ನು ಮುಟ್ಟದೆ ಟೈಮರ್ 1 ತೆಗೆದುಕೊಂಡೆ. 16 ಮೆಗಾಹರ್ಟ್ಸ್ ಗಡಿಯಾರವನ್ನು 64ರಿಂದ ಭಾಗಿಸಿದರೆ ಸೆಕೆಂಡಿಗೆ 2,50,000 ಎಣಿಕೆ. 500 ಎಣಿಕೆಗೊಮ್ಮೆ ಇಂಟರಪ್ಟ್ ಬಂದರೆ ಅದು 2 ಮಿಲಿಸೆಕೆಂಡಿಗೊಮ್ಮೆ. ನಾಲ್ಕು ಅಂಕಿ ಸುತ್ತಲು 8 ಮಿಲಿಸೆಕೆಂಡ್, ಅಂದರೆ ಪ್ರತಿ ಅಂಕಿ ಸೆಕೆಂಡಿಗೆ 125 ಸಲ ಉರಿಯುತ್ತದೆ. ಮಿನುಗು ಕಾಣುವುದಿಲ್ಲ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಬರೆಯುವುದು 499.

ಬರೆದು ಅಪ್‌ಲೋಡ್ ಮಾಡಿದೆ. ಡಿಸ್‌ಪ್ಲೇ ಪೂರ್ತಿ ಕಪ್ಪು. ಒಂದು ಗಂಟೆ ವೈರ್ ಅಲ್ಲಾಡಿಸುತ್ತ ಕಳೆದೆ. ವೈರಿನಲ್ಲಿ ಏನೂ ತಪ್ಪಿರಲಿಲ್ಲ. ನಾನು `TCCR1B` ಮಾತ್ರ ಬರೆದು `TCCR1A` ಬಿಟ್ಟಿದ್ದೆ. ಚಿಪ್ ರೀಸೆಟ್ ಆದಾಗ ಅದು ಸೊನ್ನೆ ಇರುತ್ತದೆ ಅಂತ ಪುಸ್ತಕ ಹೇಳುತ್ತದೆ. ಆದರೆ ಆರ್ಡುಯಿನೋ ಶುರುವಾಗುವಾಗಲೇ, `analogWrite()` ಕೆಲಸ ಮಾಡಲೆಂದು, ಅದರಲ್ಲಿ `WGM10` ಬಿಟ್ ಹಚ್ಚಿ ಇಟ್ಟಿರುತ್ತದೆ. ಅದೂ ನನ್ನ `WGM12` ಬಿಟ್ಟೂ ಸೇರಿ ಟೈಮರ್ ಬೇರೆಯೇ ರೀತಿಗೆ ಹೋಗಿತ್ತು. 255ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತಿತ್ತು. 499 ಯಾವತ್ತೂ ಬರುವುದಿಲ್ಲ, ಇಂಟರಪ್ಟೂ ಬರುವುದಿಲ್ಲ. ಒಂದು ಸಾಲು ಸೇರಿಸಿದ್ದಕ್ಕೆ ಸರಿಹೋಯಿತು:

```
TCCR1A = 0;
TCCR1B = (1 << WGM12) | (1 << CS11) | (1 << CS10);
OCR1A  = 499;
TIMSK1 = (1 << OCIE1A);
```

ನಾಲ್ಕೂ ಅಂಕಿ ಸ್ಥಿರವಾಗಿ ನಿಂತವು. ಸೆನ್ಸರ್ 750 ಮಿಲಿಸೆಕೆಂಡ್ ಕಾಯುವುದನ್ನು ಬದಲಿಸಲೇ ಇಲ್ಲ. ಅದು ಕಾಯುತ್ತಿದ್ದರೂ ಇಂಟರಪ್ಟ್ ನಡುವೆ ಬಂದು ತನ್ನ ಕೆಲಸ ಮಾಡಿ ಹೋಗುತ್ತದೆ. ಸೆನ್ಸರಿನ ಜೊತೆ ಮಾತಾಡುವಾಗ ಲೈಬ್ರರಿ ಇಂಟರಪ್ಟುಗಳನ್ನು ಆಗಾಗ ತಡೆಯುತ್ತದೆ, ಆದರೆ ಒಂದು ಸಲಕ್ಕೆ 70 ಮೈಕ್ರೋಸೆಕೆಂಡಿನ ಆಸುಪಾಸು ಅಷ್ಟೇ. 2 ಮಿಲಿಸೆಕೆಂಡಿನ ಮುಂದೆ ಅದು ಕಣ್ಣಿಗೆ ಗೊತ್ತಾಗುವುದಿಲ್ಲ.

ಇಂಟರಪ್ಟ್ ಒಳಗೆ ಆಗ ಬರೆದದ್ದು ಹೀಗಿತ್ತು. `buf` ಒಳಗೆ ನಾಲ್ಕು ಅಂಕಿಗಳ ಆಕಾರ ಇರುತ್ತದೆ. ಇದರಲ್ಲಿ ತಪ್ಪಿದೆ. ನಾನು ಎರಡು ದಿನ ಗಮನಿಸಲಿಲ್ಲ.

```
ISR(TIMER1_COMPA_vect) {
  for (uint8_t i = 0; i < 8; i++)
    digitalWrite(seg[i], !(buf[nxt] & (1 << i)));
  digitalWrite(dig[cur], HIGH);
  digitalWrite(dig[nxt], LOW);
  cur = nxt;
  nxt = (nxt + 1) & 3;
}
```

ಫೆಬ್ರವರಿ 16: ಶೆಡ್ಡಿನಲ್ಲಿ ರಾತ್ರಿ

ಬ್ರೆಡ್‌ಬೋರ್ಡನ್ನೇ ಡಬ್ಬಿಯಲ್ಲಿಟ್ಟು ಶೆಡ್ಡಿಗೆ ಒಯ್ದೆ. ಮೊಬೈಲ್ ಚಾರ್ಜರಿನಿಂದ ಕರೆಂಟ್. ಹಗಲು ಎಲ್ಲ ಸರಿಯಾಗಿತ್ತು. ನಾನು ಊರಿಗೆ ವಾಪಸ್ ಬಂದೆ. ರಾತ್ರಿ ಕಾಕಾ ಫೋನ್ ಮಾಡಿದರು: "ಇದು ಇಪ್ಪತ್ತೊಂದೋ ಇಪ್ಪತ್ತೆಂಟೋ, ತಿಳಿವಲ್ದು. ಎರಡೂ ಕಂಡಂಗ ಆಗತೈತಿ."

ಆಗ ಇದ್ದದ್ದು 21.8, ನಾಲ್ಕನೇ ಜಾಗದಲ್ಲಿ C. ಕತ್ತಲಲ್ಲಿ ಆ 1ರ ಹಿಂದೆ ಮಸುಕಾದ 8 ಕಾಣುತ್ತಿತ್ತು. ಹಗಲಿನ ಬೆಳಕಿನಲ್ಲಿ ಅದು ಮುಚ್ಚಿಹೋಗಿತ್ತು ಅಷ್ಟೇ. ಬಿಸಿ ನೋಡಿ ಪರದೆ ತೆಗೆಯುವುದೋ ಬಿಡುವುದೋ ಎಂದು ನಿರ್ಧರಿಸುವವರಿಗೆ ಏಳು ಡಿಗ್ರಿಯ ಗೊಂದಲ ಸಣ್ಣದಲ್ಲ. ಮರುದಿನವೇ ವಾಪಸ್ ತಂದೆ.

ಫೆಬ್ರವರಿ 17ರಿಂದ 19: ನೆರಳಿನ ದಿಕ್ಕು

ನನ್ನ ಹತ್ತಿರ ಆಸಿಲೋಸ್ಕೋಪ್ ಇಲ್ಲ. ಕೋಣೆಯ ದೀಪ ಆರಿಸಿ ಕಣ್ಣಲ್ಲೇ ನೋಡಬೇಕಿತ್ತು. ಮೊದಲು ಮೂರನೇ ಜಾಗದಲ್ಲಿ 8 ಮಾತ್ರ ಇಟ್ಟು, ಉಳಿದ ಮೂರನ್ನೂ ಖಾಲಿ ಬಿಟ್ಟೆ. ಖಾಲಿ ಜಾಗದಲ್ಲಿ ಏನೇ ಕಂಡರೂ ಅದು ನೆರಳೇ. ಎರಡನೇ ಜಾಗದಲ್ಲಿ ಮಸುಕಾದ 8 ಕಂಡಿತು. ಒಂದು ಮತ್ತು ನಾಲ್ಕರಲ್ಲಿ ಏನೂ ಇರಲಿಲ್ಲ.

ಎರಡರಲ್ಲೇ ಯಾಕೆ? ನಾನು ಅಂಕಿಗಳನ್ನು ಎಡದಿಂದ ಬಲಕ್ಕೆ ಸುತ್ತುತ್ತೇನೆ. ಮೂರಕ್ಕಿಂತ ಮುಂಚೆ ಉರಿಯುವುದು ಎರಡು. ಮೇಲಿನ ಕೋಡಿನಲ್ಲಿ ಎರಡನೇ ಅಂಕಿ ಇನ್ನೂ ಉರಿಯುತ್ತಿರುವಾಗಲೇ ಮೂರನೆಯದರ ಸೆಗ್ಮೆಂಟುಗಳನ್ನು ಬರೆಯಲು ಶುರುಮಾಡುತ್ತೇನೆ. ಒಂದು `digitalWrite` ಸುಮಾರು 4 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಎಂಟು ಬರೆಯಲು 30ಕ್ಕೂ ಮೇಲೆ. ಅಷ್ಟು ಹೊತ್ತು ಮೂರನೆಯ ಅಂಕಿಯ ಆಕಾರ ಎರಡನೆಯದರ ಮೇಲೆ ಮೂಡುತ್ತದೆ. 2000 ಮೈಕ್ರೋಸೆಕೆಂಡಿನಲ್ಲಿ 30 ಅಂದರೆ ನೂರಕ್ಕೆ ಒಂದೂವರೆ ಪಾಲು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅಷ್ಟು ಧಾರಾಳವಾಗಿ ಸಾಕು.

ಇದು ಊಹೆಯೋ ನಿಜವೋ ತಿಳಿಯಲು ಕ್ರಮ ಬದಲಿಸಿದೆ. ಮೊದಲು ಅಂಕಿ ಬದಲಿಸುವುದು, ಆಮೇಲೆ ಸೆಗ್ಮೆಂಟ್ ಬರೆಯುವುದು. ನೆರಳು ಎರಡರಿಂದ ಹಾರಿ ನಾಲ್ಕಕ್ಕೆ ಹೋಯಿತು! ಈಗ ನಾಲ್ಕನೇ ಅಂಕಿ ಉರಿಯಲು ಶುರುವಾದಾಗ ಸೆಗ್ಮೆಂಟುಗಳಲ್ಲಿ ಇನ್ನೂ ಹಳೆಯ 8 ಉಳಿದಿರುತ್ತದೆ. ಈ ಪರೀಕ್ಷೆಯೇ ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ವಿಷಯ. ನೆರಳು ಹಿಂದಿನ ಅಂಕಿಯ ಮೇಲೆ ಬಿದ್ದರೆ, ಹಳೆಯ ಅಂಕಿ ಆರುವ ಮುಂಚೆ ಹೊಸ ಆಕಾರ ಬಂದಿದೆ. ಮುಂದಿನದರ ಮೇಲೆ ಬಿದ್ದರೆ, ಹಳೆಯ ಆಕಾರ ಹೋಗುವ ಮುಂಚೆ ಹೊಸ ಅಂಕಿ ಹೊತ್ತಿದೆ.

ಎರಡಕ್ಕೂ ಪರಿಹಾರ ಒಂದೇ. ಮೊದಲು ಹಳೆಯ ಅಂಕಿ ಆರಿಸು, ಕತ್ತಲಲ್ಲಿ ಸೆಗ್ಮೆಂಟ್ ಬದಲಿಸು, ಆಮೇಲೆ ಹೊಸ ಅಂಕಿ ಹಚ್ಚು. `digitalWrite(dig[cur], HIGH)` ಸಾಲನ್ನು ಲೂಪಿನ ಮೇಲಕ್ಕೆ ತಂದೆ, ಅಷ್ಟೇ. ನೆರಳು ಎರಡೂ ಕಡೆ ಹೋಯಿತು.

ಫೆಬ್ರವರಿ 20: ಕೋಡ್ ವೇಗವಾಯಿತು, ನೆರಳು ಮತ್ತೆ ಬಂತು

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುಂದೆ ಇನ್ನೊಂದು ಸೆನ್ಸರ್ ಸೇರಿಸುವುದಿದೆ, ಇಂಟರಪ್ಟ್ ಚಿಕ್ಕದಾಗಿರಲಿ ಎಂದು `digitalWrite` ತೆಗೆದು ಪೋರ್ಟುಗಳಿಗೆ ನೇರವಾಗಿ ಬರೆದೆ. ಎ, ಬಿ, ಸಿ, ಡಿ, ಇ, ಎಫ್ ಸೆಗ್ಮೆಂಟುಗಳು ಬೋರ್ಡಿನ ಡಿ2ರಿಂದ ಡಿ7ರವರೆಗೆ. ಜಿ ಮತ್ತು ಚುಕ್ಕೆ ಡಿ8, ಡಿ9ಕ್ಕೆ. ಅಂಕಿಗಳು ಎ0ಯಿಂದ ಎ3. ಎಂಟೂ ಸೆಗ್ಮೆಂಟ್ ಒಂದೇ ಪೋರ್ಟಿನಲ್ಲಿದ್ದರೆ ಕೋಡ್ ಒಂದು ಸಾಲು ಕಡಿಮೆಯಾಗುತ್ತಿತ್ತು. ಆದರೆ ಡಿ0, ಡಿ1 ಯುಎಸ್‌ಬಿ ಕೆಲಸಕ್ಕೆ ಬೇಕು, ಅವನ್ನು ಬಿಟ್ಟೆ.

ರಾತ್ರಿ ದೀಪ ಆರಿಸಿ ನೋಡಿದರೆ ಎರಡನೇ ಜಾಗದಲ್ಲಿ ಮತ್ತೆ ನೆರಳು. ತುಂಬಾ ಮಸುಕು. ಉರಿಯುತ್ತಿರುವ 8ಕ್ಕೆ ಕೈ ಅಡ್ಡ ಹಿಡಿದರೆ ಮಾತ್ರ ಕಾಣುತ್ತಿತ್ತು. ಕ್ರಮ ಸರಿ ಇದೆ. ಆದರೂ ಹಿಂದಿನ ಅಂಕಿಯ ಮೇಲೆ ಬೀಳುತ್ತಿದೆ. ಮೇಲಿನ ನಿಯಮದ ಪ್ರಕಾರ ಹಳೆಯ ಅಂಕಿ ಇನ್ನೂ ಆರಿಲ್ಲ. ಕೋಡ್ ಆರು ಎಂದಿದೆ, ಟ್ರಾನ್ಸಿಸ್ಟರ್ ಆರಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಟೈಮರಿನ ವೇಗವನ್ನೇ ಬಳಸಿದೆ. `OCR1A` 62 ಇಟ್ಟರೆ ಅಂಕಿ ಕಾಲು ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತದೆ. ನೆರಳು ಎದ್ದು ಕಂಡಿತು. 4999 ಇಟ್ಟರೆ 20 ಮಿಲಿಸೆಕೆಂಡಿಗೊಮ್ಮೆ. ಡಿಸ್‌ಪ್ಲೇ ಪಟಪಟ ಮಿನುಗಿತು, ಆದರೆ ನೆರಳು ಇರಲಿಲ್ಲ. ಬದಲಾಗುವ ಪ್ರತಿ ಸಲಕ್ಕೂ ನೆರಳು ಉಳಿಯುವ ಹೊತ್ತು ಒಂದೇ. ಬೇಗ ಬೇಗ ಬದಲಿಸಿದಷ್ಟೂ ಅದರ ಪಾಲು ಜಾಸ್ತಿ. ವೇಗ ಬದಲಿಸಿದರೂ ನೆರಳು ಹಾಗೇ ಇದ್ದರೆ ಅದು ಬೇರೆ ರೋಗ. ಆಗ ವೈರಿಂಗ್ ನೋಡಬೇಕು, ಎಲ್ಲೋ ಸೋಲ್ಡರ್ ಎರಡು ಪಿನ್ನಿಗೆ ತಾಗಿರುತ್ತದೆ.

ಪೂರ್ತಿ ಆನ್ ಆದ ಬಿಸಿ557ರ ಬೇಸಿನಲ್ಲಿ ಚಾರ್ಜ್ ತುಂಬಿಕೊಂಡಿರುತ್ತದೆ. ಪಿನ್ ಮೇಲೇರಿದರೂ ಅದು ಖಾಲಿಯಾಗುವವರೆಗೆ ಟ್ರಾನ್ಸಿಸ್ಟರ್ ಕರೆಂಟ್ ಬಿಡುತ್ತಲೇ ಇರುತ್ತದೆ. ಮೊದಲು `digitalWrite` ನಿಧಾನವಿದ್ದುದರಿಂದ ಆ ಸಮಯ ಸುಮ್ನೆ ಸಿಗುತ್ತಿತ್ತು. ಪೋರ್ಟ್ ಬರಹದಲ್ಲಿ ಆರಿಸುವುದಕ್ಕೂ ಹೊಸ ಆಕಾರಕ್ಕೂ ನಡುವೆ ಒಂದು ಮೈಕ್ರೋಸೆಕೆಂಡ್ ಕೂಡ ಇಲ್ಲ. ಕೋಡ್ ಟ್ರಾನ್ಸಿಸ್ಟರನ್ನು ಮೀರಿ ಓಡಿತ್ತು.

ನಡುವೆ ಒಂದು ಸಣ್ಣ ತಡೆ ಹಾಕಿದೆ. `OCR1A` 62ರಲ್ಲೇ ಇಟ್ಟು ನೋಡುತ್ತ ಹೋದೆ. 1 ಮೈಕ್ರೋಸೆಕೆಂಡಿಗೆ ನೆರಳು ಇತ್ತು. 3ಕ್ಕೆ ಬಹಳ ಕಡಿಮೆಯಾಯಿತು. 5ಕ್ಕೆ ಕಾಣಲಿಲ್ಲ. ಶೆಡ್ಡಿನ ಬಿಸಿಯಲ್ಲಿ ಟ್ರಾನ್ಸಿಸ್ಟರ್ ಇನ್ನೂ ನಿಧಾನವಾಗಬಹುದು ಎಂದು 10 ಇಟ್ಟೆ. 2000ದಲ್ಲಿ 10 ಹೋದರೆ ಬೆಳಕಿಗೆ ಏನೂ ಕೊರತೆಯಿಲ್ಲ.

```
ISR(TIMER1_COMPA_vect) {
  static uint8_t d = 0;
  PORTC |= 0x0F;
  _delay_us(10);
  uint8_t s = ~buf[d];
  PORTD = (PORTD & 0x03) | (s << 2);
  PORTB = (PORTB & 0xFC) | (s >> 6);
  PORTC &= ~(1 << d);
  d = (d + 1) & 3;
}
```

ಇಂಟರಪ್ಟ್ ಒಳಗೆ ತಡೆ ಹಾಕಬಾರದು ಎಂದು ಎಲ್ಲರೂ ಹೇಳುತ್ತಾರೆ. `delay()` ಹಾಕಿದರೆ ನಿಜವಾಗಿ ಎಲ್ಲ ನಿಂತುಹೋಗುತ್ತದೆ, ಅದು ಇಂಟರಪ್ಟನ್ನೇ ನಂಬಿ ಎಣಿಸುತ್ತದೆ. `_delay_us()` ಸುಮ್ಮನೆ ಸುತ್ತು ಹೊಡೆಯುತ್ತದೆ, ಯಾರನ್ನೂ ನಂಬಿಲ್ಲ. 10 ಮೈಕ್ರೋಸೆಕೆಂಡಿಗೆ ಅದು ಪರವಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ಅದೇ ದಿನ ಇನ್ನೊಂದು ಸಣ್ಣ ತಿದ್ದುಪಡಿ. ಹೊಸ ಉಷ್ಣತೆ ಬಂದಾಗ ಮೊದಲು `buf` ಖಾಲಿ ಮಾಡಿ, ಆಮೇಲೆ ಅಂಕಿ ಬಿಡಿಸಿ ತುಂಬುತ್ತಿದ್ದೆ. ಸೆಕೆಂಡಿಗೊಮ್ಮೆ ಡಿಸ್‌ಪ್ಲೇ ಸಣ್ಣಗೆ ಕಣ್ಣು ಮಿಟುಕಿಸುತ್ತಿತ್ತು. ಈಗ ನಾಲ್ಕು ಬೈಟುಗಳನ್ನು ಬೇರೆ ಜಾಗದಲ್ಲಿ ತಯಾರು ಮಾಡಿ, `noInterrupts()` ಮತ್ತು `interrupts()` ನಡುವೆ ಒಂದೇ ಸಲಕ್ಕೆ ನಕಲು ಮಾಡುತ್ತೇನೆ. ಮಿಟುಕು ಹೋಯಿತು. 29.9ರಿಂದ 30.0 ಆಗುವಾಗ ಅರ್ಧ ಹಳತು, ಅರ್ಧ ಹೊಸತು ಕಾಣುವ ಸಂಭವವೂ ಇಲ್ಲ.

ಫೆಬ್ರವರಿ 23: ಮತ್ತೆ ಶೆಡ್ಡಿಗೆ

ಡಾಟ್ ಬೋರ್ಡಿಗೆ ಸೋಲ್ಡರ್ ಮಾಡಲು ಮೂರು ಗಂಟೆ ಹಿಡಿಯಿತು. ಒಂದು ಟ್ರಾನ್ಸಿಸ್ಟರನ್ನು ತಿರುಗಿಸಿ ಕೂರಿಸಿದ್ದೆ, ಆ ಅಂಕಿ ಮಂಕಾಗಿತ್ತು, ಕಿತ್ತು ಸರಿಮಾಡಿದೆ. ಡಿಸ್‌ಪ್ಲೇ ಮುಂದೆ ಸ್ಟೇಷನರಿ ಅಂಗಡಿಯ ಕೆಂಪು ಜಿಲೇಟಿನ್ ಕಾಗದ ಎರಡು ಮಡಿಕೆ ಅಂಟಿಸಿದೆ. ಐದು ರೂಪಾಯಿಯ ಕಾಗದ ಹಗಲಿನ ಓದಿಗೆ ಬಹಳ ನೆರವಾಯಿತು. ಆರಿದ ಸೆಗ್ಮೆಂಟಿನ ಬೂದು ಬಣ್ಣ ಮುಚ್ಚಿಹೋಗಿ, ಉರಿಯುವುದು ಮಾತ್ರ ಕಾಣುತ್ತದೆ. ಆದರೂ ಬಾಗಿಲ ನೇರಕ್ಕೆ ಬಿಸಿಲು ಬಿದ್ದಾಗ ಓದಲು ಕಷ್ಟ. ಡಬ್ಬಿಯನ್ನು ಒಳಗಿನ ಕಂಬಕ್ಕೆ ಸರಿಸಿದೆವು.

ಸಂಜೆ ಕಾಕಾನ ಮಗ ವಿಡಿಯೋ ಕಳಿಸಿದ: "ಅಣ್ಣಾ, ಎರಡ ಅಂಕಿ ಹೊಂಟಾವ ನೋಡು." ವಿಡಿಯೋದಲ್ಲಿ ನಿಜವಾಗಿ ಎರಡೇ ಅಂಕಿ ಇದ್ದವು. ಕಣ್ಣಲ್ಲಿ ನೋಡಿದರೆ ಎಷ್ಟು ಅಂದೆ. ನಾಲ್ಕೂ ಇವೆ ಅಂದ. ಕ್ಯಾಮೆರಾ ಒಂದೊಂದು ಚಿತ್ರಕ್ಕೆ ತೆರೆದಿರುವ ಹೊತ್ತು 8 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಪೂರ್ತಿ ಸುತ್ತು ಅದಕ್ಕೆ ಸಿಗುವುದಿಲ್ಲ. ಇದು ಕೆಟ್ಟದ್ದಲ್ಲ, ಒಂದು ಅಂಕಿ ಒಂದು ಸಲ ಎಂಬ ಕೆಲಸ ನಡೆಯುತ್ತಿದೆ ಎಂಬುದಕ್ಕೆ ಗುರುತು.

ಒಟ್ಟು ಖರ್ಚು 557 ರೂಪಾಯಿ, ಮನೆಯಲ್ಲಿದ್ದ ಡಬ್ಬಿ ಮತ್ತು ಚಾರ್ಜರ್ ಬಿಟ್ಟು. ಅಂದು ರಾತ್ರಿ ಶೆಡ್ಡಿನಲ್ಲೇ ಉಳಿದೆ. ದೀಪ ಆರಿಸಿ, ಕೈ ಅಡ್ಡ ಹಿಡಿದು, ಒಂದೊಂದೇ ಅಂಕಿ ನೋಡಿದೆ. 22.1 ಇತ್ತು, ಆ 1 ಬರೀ 1 ಆಗಿತ್ತು. ಮುಂದಿನ ವಾರ ಮೇಲಿನ ಬಲೆಗೆ ಎರಡನೇ ಸೆನ್ಸರ್ ಕಟ್ಟಬೇಕು. ಆಗ ನಾಲ್ಕನೇ ಜಾಗದ C ತೆಗೆದು, ಮೇಲಿನದಕ್ಕೆ ಮೇಲ್ಗೆರೆ, ಕೆಳಗಿನದಕ್ಕೆ ಕೆಳಗೆರೆ ಹಚ್ಚುವುದು ಎಂದು ಕಾಕಾ ಜೊತೆ ಮಾತಾಗಿದೆ.